ಎರಡು ಪೈಪು, ಒಂದು ನೆಲ, ನಡುವಿನ ಸಂದಿ

ಬೇವೂರಿನ ಕಡೆ ಹೊಲಕ್ಕೆ ಪೈಪ್‌ಲೈನ್ ಎಳೆಯುವಾಗ ಮನೆಯ ಮುಂದೆ ಪಿವಿಸಿ ಪೈಪುಗಳು ಮಗ್ಗುಲು ಮಗ್ಗುಲಾಗಿ ಬಿದ್ದಿರುತ್ತವೆ. ಅವುಗಳಲ್ಲಿ 90 ಮಿ.ಮೀ. ಪೈಪೊಂದನ್ನೂ 40 ಮಿ.ಮೀ. ಪೈಪೊಂದನ್ನೂ ಫರಸಿ ಹಾಸಿದ ಕಟ್ಟೆಯ ಮೇಲೆ ಒಂದಕ್ಕೊಂದು ತಾಗಿಸಿ ಇಡಿ. ಆಮೇಲೆ ಕೆಳಗೆ ಕುಳಿತು ತುದಿಯ ಕಡೆಯಿಂದ ನೋಡಿ. ಒಂದು ದೊಡ್ಡ ವೃತ್ತ, ಅದನ್ನು ತಾಗಿದ ಒಂದು ಸಣ್ಣ ವೃತ್ತ, ಎರಡೂ ನಿಂತಿರುವ ಒಂದು ಸರಳರೇಖೆ. ಮೂರರ ನಡುವೆ, ನೆಲಕ್ಕೆ ಹತ್ತಿ, ಮೂರು ಮೂಲೆಯ ಒಂದು ಸಂದಿ ಕಾಣುತ್ತದೆ. ಆ ಸಂದಿಯೊಳಗೆ 12 ಮಿ.ಮೀ. ಕಬ್ಬಿಣದ ಸರಳು ತೂರುತ್ತದೆಯೇ? 16 ಮಿ.ಮೀ. ಸರಳು? ಎರಡೂ ಪೈಪನ್ನೂ ನೆಲವನ್ನೂ ಒಟ್ಟಿಗೆ ತಾಗಿ ಬಿಗಿಯಾಗಿ ಕೂರುವ ದುಂಡನೆಯ ವಸ್ತುವಿನ ಅಳತೆ ಎಷ್ಟು?

ಹತ್ತನೆಯ ತರಗತಿಯಲ್ಲಿ ವೃತ್ತಗಳ ಪಾಠ ಓದಿದವರಿಗೆ ಇದಕ್ಕೆ ಬೇಕಾದ ಸಾಮಾನು ಆಗಲೇ ಕೈಯಲ್ಲಿದೆ. ಬೇಕಾದ್ದು ಎರಡೇ ಸಂಗತಿ. ಒಂದು, ವೃತ್ತವು ರೇಖೆಯನ್ನು ತಾಗಿದಲ್ಲಿ ತ್ರಿಜ್ಯವು ಆ ರೇಖೆಗೆ ಲಂಬವಾಗಿರುತ್ತದೆ. ಎರಡು, ಹೊರಗಿನಿಂದ ತಾಗಿದ ಎರಡು ವೃತ್ತಗಳ ಕೇಂದ್ರಗಳ ನಡುವಿನ ದೂರ ಅವುಗಳ ತ್ರಿಜ್ಯಗಳ ಮೊತ್ತ. ಇವೆರಡನ್ನು ಪೈಥಾಗೊರಸನ ಪ್ರಮೇಯದ ಜೊತೆ ಸೇರಿಸಿದರೆ ಸಾಕು.

ಸಂದಿಯಲ್ಲಿ ಕೂರುವ ಸಣ್ಣ ವೃತ್ತವನ್ನು ಸದ್ಯಕ್ಕೆ ಮರೆತುಬಿಡಿ. ಮೊದಲು ಎರಡು ಪೈಪುಗಳನ್ನಷ್ಟೇ ನೋಡೋಣ. 90ರ ಪೈಪು ನೆಲವನ್ನು ಒಂದು ಬಿಂದುವಿನಲ್ಲಿ ತಾಗಿದೆ, 40ರ ಪೈಪು ಇನ್ನೊಂದರಲ್ಲಿ. ಈ ಎರಡು ಸ್ಪರ್ಶ ಬಿಂದುಗಳ ನಡುವೆ ನೆಲದ ಮೇಲೆ ಎಷ್ಟು ದೂರ? ಇಡೀ ಲೆಕ್ಕದ ಬೀಗದ ಕೈ ಇದೇ ದೂರ.

ದೊಡ್ಡ ಪೈಪಿನ ಕೇಂದ್ರ ನೆಲದಿಂದ 45 ಮಿ.ಮೀ. ಎತ್ತರದಲ್ಲಿದೆ, ಚಿಕ್ಕದರ ಕೇಂದ್ರ 20 ಮಿ.ಮೀ. ಎತ್ತರದಲ್ಲಿದೆ. ಎತ್ತರದ ವ್ಯತ್ಯಾಸ 25. ಕೇಂದ್ರಗಳ ನಡುವಿನ ಓರೆ ದೂರ 45 + 20, ಅಂದರೆ 65. ಈಗ ಚಿಕ್ಕ ಪೈಪಿನ ಕೇಂದ್ರದಿಂದ ನೆಲಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆದು, ಅದನ್ನು ದೊಡ್ಡ ಪೈಪಿನ ಲಂಬ ತ್ರಿಜ್ಯಕ್ಕೆ ಮುಟ್ಟಿಸಿ. ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. ಅದರ ವಿಕರ್ಣ 65, ಎತ್ತರ 25. ಹಾಗಾದರೆ ಪಾದದ ವರ್ಗ 4225 − 625 = 3600; ಪಾದ 60. ನೆಲದ ಮೇಲಿನ ದೂರವೂ ಅದೇ: 60 ಮಿ.ಮೀ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 3600 ಎಂದರೆ 90 × 40. ಇದು ಆಕಸ್ಮಿಕವಲ್ಲ. ತ್ರಿಜ್ಯಗಳನ್ನು a, b ಎಂದು ಕರೆದರೆ ನಾವು ಮಾಡಿದ್ದು ಇಷ್ಟು:

(a + b)² − (a − b)² = 4ab = (2a)(2b)

ಅಂದರೆ ಒಂದನ್ನೊಂದು ತಾಗಿ ಒಂದೇ ನೆಲದ ಮೇಲೆ ನಿಂತ ಯಾವ ಎರಡು ವೃತ್ತಗಳನ್ನು ತೆಗೆದುಕೊಂಡರೂ, ಅವು ನೆಲವನ್ನು ತಾಗುವ ಬಿಂದುಗಳ ನಡುವಿನ ದೂರ ಅವುಗಳ ವ್ಯಾಸಗಳ ಗುಣಲಬ್ಧದ ವರ್ಗಮೂಲ. ಹಳೆಯ ಪಠ್ಯಪುಸ್ತಕ ಓದಿದವರು ಇದನ್ನು ನೇರ ಸಾಮಾನ್ಯ ಸ್ಪರ್ಶಕದ ಉದ್ದ ಎಂದು ಗುರುತಿಸಬಹುದು. ನನಗೆ ಈ ರೂಪವೇ ಹೆಚ್ಚು ಇಷ್ಟ, ಏಕೆಂದರೆ ಪೈಪಿನ ಮೈಮೇಲೆ ಅಚ್ಚಾಗಿರುವುದು ವ್ಯಾಸ. ಅರ್ಧ ಮಾಡುವ ಗೊಡವೆಯೇ ಇಲ್ಲ.

ಈಗ ಸಂದಿಯೊಳಕ್ಕೆ ಸಣ್ಣ ವೃತ್ತವನ್ನು ಬಿಡೋಣ. ಅದರ ವ್ಯಾಸ d ಎಂದಿರಲಿ. ಅದು 90ರ ಪೈಪನ್ನು ತಾಗಿದೆ, ನೆಲವನ್ನೂ ತಾಗಿದೆ. ಆದ್ದರಿಂದ ಈಗಷ್ಟೇ ಕಂಡ ನಿಯಮ ಈ ಜೋಡಿಗೂ ಸಲ್ಲುತ್ತದೆ. ಅವೆರಡರ ಸ್ಪರ್ಶ ಬಿಂದುಗಳ ದೂರ √(90d). ಹಾಗೆಯೇ 40ರ ಪೈಪಿನ ಜೊತೆ √(40d). ಸಣ್ಣ ವೃತ್ತ ನಿಂತಿರುವುದು ಎರಡು ಪೈಪುಗಳ ನಡುವೆ. ಹಾಗಾಗಿ ಈ ಎರಡು ತುಂಡು ಸೇರಿದರೆ ಪೂರ್ತಿ 60 ಆಗಲೇಬೇಕು:

√(90d) + √(40d) = 60

90 ಅಂದರೆ 9 × 10, 40 ಅಂದರೆ 4 × 10. ಆದ್ದರಿಂದ ಎಡಗಡೆ 3√(10d) + 2√(10d), ಒಟ್ಟು 5√(10d). ಅದು 60 ಆದರೆ √(10d) = 12, 10d = 144, d = 14.4 ಮಿ.ಮೀ. ತ್ರಿಜ್ಯ 7.2 ಮಿ.ಮೀ. 12ರ ಸರಳು ಸಲೀಸಾಗಿ ತೂರುತ್ತದೆ, 16ರದು ತೂರುವುದಿಲ್ಲ.

ಸಂದಿಯ ವೃತ್ತದ ತ್ರಿಜ್ಯವನ್ನು r ಎಂದು ಕರೆದು ಇದೇ ಹೆಜ್ಜೆಗಳನ್ನು ಅಕ್ಷರಗಳಲ್ಲಿ ಇಟ್ಟರೆ 2√(ar) + 2√(br) = 2√(ab) ಆಗುತ್ತದೆ. ಎಲ್ಲವನ್ನೂ 2√(abr) ಇಂದ ಭಾಗಿಸಿ:

1/√r = 1/√a + 1/√b

ಪುಸ್ತಕಗಳಲ್ಲಿ ಕಾಣುವ ಸೂತ್ರ ಇದು. ಇದೇ ಪ್ರಶ್ನೆ ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ 1824ರ ಒಂದು ಮರದ ಹಲಗೆಯ ಮೇಲಿದೆ. ಅಲ್ಲಿ ರೇಖಾಗಣಿತದ ಸಮಸ್ಯೆಗಳನ್ನು ಹಲಗೆಯ ಮೇಲೆ ಬಣ್ಣದಲ್ಲಿ ಬರೆದು ದೇವಾಲಯಗಳಲ್ಲಿ ತೂಗುಹಾಕುತ್ತಿದ್ದರು. ನಮ್ಮಲ್ಲಿ 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಒಂದನ್ನೊಂದು ತಾಗಿದ ಸಮ ವೃತ್ತಗಳ ನಡುವೆ ಉಳಿಯುವ ಜಾಗದ ಕ್ಷೇತ್ರಫಲವನ್ನು ಕೇಳಿದ್ದರು. ಅವರ ಪ್ರಶ್ನೆ ಬೇರೆ, ಅವರು ಕೇಳಿದ್ದು ಸಂದಿಯ ವಿಸ್ತಾರ. ನಾವು ಕೇಳುತ್ತಿರುವುದು ಸಂದಿಯಲ್ಲಿ ಹಿಡಿಸುವ ವೃತ್ತ. ಆದರೂ ಕಣ್ಣು ಬಿದ್ದದ್ದು ಅದೇ ಬಗೆಯ ಸಂದಿಯ ಮೇಲೆ.

ಉತ್ತರ ಬಂದಮೇಲೆ ಅದು ಸರಿಯೇ ಎಂದು ತಿಳಿಯುವುದು ಹೇಗೆ? ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಲಾಗಿ ನೆಲದ ಗೆರೆ ಎಳೆಯಿರಿ. ಅದರ ಮೇಲೆ ಒಂದು ಬಿಂದು ಗುರುತಿಸಿ, ನೇರ ಮೇಲಕ್ಕೆ 45 ಮಿ.ಮೀ. ಹೋಗಿ ಕೈವಾರದಿಂದ 45ರ ತ್ರಿಜ್ಯದ ವೃತ್ತ ಹಾಕಿ. ಮೊದಲ ಬಿಂದುವಿನಿಂದ 60 ಮಿ.ಮೀ. ಬಲಕ್ಕೆ, 20 ಮೇಲಕ್ಕೆ ಹೋಗಿ 20ರ ವೃತ್ತ ಹಾಕಿ. ಎರಡೂ ತಾಗಬೇಕು. ಈಗ ಮೊದಲ ಬಿಂದುವಿನಿಂದ 36 ಬಲಕ್ಕೆ, 7.2 ಮೇಲಕ್ಕೆ ಹೋಗಿ 7.2ರ ವೃತ್ತ ಹಾಕಿ. 36 ಎಲ್ಲಿಂದ ಬಂತು? √(90 × 14.4) = √1296 = 36. ಉಳಿದ ತುಂಡು √(40 × 14.4) = √576 = 24. ಎರಡೂ ಸೇರಿ 60. ಪೆನ್ಸಿಲ್ ಮೊನೆ ಚೂಪಾಗಿದ್ದರೆ ಪುಟ್ಟ ವೃತ್ತ ಮೂರೂ ಕಡೆ ಕೂದಲೆಳೆಯಷ್ಟೂ ಬಿಡದೆ ತಾಗುತ್ತದೆ.

ಎರಡು ತುಂಡಿನ ಮೊತ್ತ ನೋಡುವ ಈ ಪರೀಕ್ಷೆಯನ್ನು ಬಿಡಬೇಡಿ. ಹೊಸಬರು ಬಹಳ ಸಲ ವರ್ಗಮೂಲವನ್ನು ಮರೆತು 1/r = 1/a + 1/b ಎಂದು ಬರೆಯುತ್ತಾರೆ. ಆಗ ನಮ್ಮ ಪೈಪುಗಳ ಸಂದಿಗೆ ವ್ಯಾಸ ಸುಮಾರು 27.7 ಮಿ.ಮೀ. ಬರುತ್ತದೆ. 40ಕ್ಕಿಂತ ಕಡಿಮೆ ಇರುವುದರಿಂದ ಸರಿ ಇರಬಹುದೆಂದು ಅನಿಸುತ್ತದೆ. ತುಂಡುಗಳನ್ನು ಲೆಕ್ಕ ಹಾಕಿ: ಸುಮಾರು 50 ಮತ್ತು 33, ಒಟ್ಟು 83. ಇರುವ ಜಾಗ 60. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಬಾಯಿಲೆಕ್ಕದ ಇನ್ನೊಂದು ಗುರುತೂ ಇದೆ: ಉತ್ತರ ಯಾವಾಗಲೂ ಚಿಕ್ಕ ಪೈಪಿಗಿಂತ ಕಡಿಮೆ ಇರುತ್ತದೆ, ಅದರ ಕಾಲು ಭಾಗಕ್ಕಿಂತ ಕಡಿಮೆ ಎಂದೂ ಆಗುವುದಿಲ್ಲ.

ಈ ಭಾಗದಲ್ಲಿ ಪಾಠ ಹೇಳಿದವರಿಗೆಲ್ಲ ಎದುರಾಗುವ ಪ್ರಶ್ನೆ ಒಂದಿದೆ: “ಸರ, ಮೂರು ಇಂಚಿಂದು, ಒಂದೂಕಾಲು ಇಂಚಿಂದು ಅಂತ ಹಿಡದು ಲೆಕ್ಕಾ ಮಾಡಿದ್ರ ನಡೀತೈತಲ್ಲರಿ?” ನಡೆಯುವುದಿಲ್ಲ, ಕಾರಣ ತಿಳಿಯಬೇಕಾದದ್ದು. ಅಂಗಡಿಯಲ್ಲಿ 90 ಮಿ.ಮೀ. ಪೈಪಿಗೆ ಮೂರು ಇಂಚು ಎನ್ನುತ್ತಾರೆ, 40ಕ್ಕೆ ಒಂದೂಕಾಲು ಇಂಚು. ಆ ಇಂಚು ಸುಮಾರಾಗಿ ಒಳಗಿನ ತೂತಿನ ಹೆಸರು. ಒಂದನ್ನೊಂದು ತಾಗುವುದು ಹೊರಮೈ. ಇಂಚಿನ ಲೆಕ್ಕ ಹಿಡಿದರೆ ಉತ್ತರ 11.7 ಮಿ.ಮೀ. ಬರುತ್ತದೆ, 12ರ ಸರಳು ಹೋಗುವುದಿಲ್ಲ ಎಂದು ಹೇಳಿಬಿಡುತ್ತೇವೆ, ಕಟ್ಟೆಯ ಮೇಲೆ ಅದು ಆರಾಮಾಗಿ ಹೋಗುತ್ತದೆ. ಮೈಮೇಲಿನ ಅಚ್ಚು ಅಳಿಸಿಹೋಗಿದ್ದರೆ ಪೈಪಿನ ಸುತ್ತ ದಾರ ಸುತ್ತಿ, ಆ ಉದ್ದವನ್ನು 3.14ರಿಂದ ಭಾಗಿಸಿ. 90ರ ಪೈಪಿಗೆ ದಾರ ಸುಮಾರು 283 ಮಿ.ಮೀ. ಬರಬೇಕು. ಸಾಕೆಟ್ ಇರುವ ಉಬ್ಬಿದ ತುದಿಯನ್ನು ಕಟ್ಟೆಯಿಂದ ಆಚೆ ಇಳಿಬಿಡಿ. ಇಲ್ಲವಾದರೆ ಪೈಪಿನ ಮೈ ನೆಲ ಬಿಟ್ಟು ಮೇಲೇಳುತ್ತದೆ, ಸೂತ್ರ ಕೇಳುವ ನೆಲದ ಗೆರೆಯೇ ಇಲ್ಲವಾಗುತ್ತದೆ.

ಎರಡೂ ಪೈಪು ಒಂದೇ ಅಳತೆಯವಾದರೆ ಲೆಕ್ಕ ಬಹಳ ಹಗುರ. ಆಗ √r ಎಂಬುದು √aಯ ಅರ್ಧ, r ಎಂಬುದು aಯ ಕಾಲು. ಎರಡು 160 ಮಿ.ಮೀ. ಪೈಪುಗಳ ಸಂದಿಗೆ ಸರಿಯಾಗಿ 40 ಮಿ.ಮೀ. ಬೇಕು, ಆ ಅಳತೆಯ ಪೈಪು ಅಂಗಡಿಯಲ್ಲೇ ಸಿಗುತ್ತದೆ. ಎರಡು 110ರ ಪೈಪುಗಳಿಗೆ 27.5 ಬೇಕು, ಆ ಅಳತೆಯದು ಸಿಗುವುದಿಲ್ಲ, 25ರದು ಸಡಿಲ, 32ರದು ಹೋಗದು. ಪೈಪುಗಳು ನಿಜವಾಗಿ ತಾಗಿರುವುದು ಎಷ್ಟು ಮುಖ್ಯ ಎಂಬುದೂ ಇಲ್ಲಿ ಚೆನ್ನಾಗಿ ಕಾಣುತ್ತದೆ. 160ರ ಎರಡು ಪೈಪುಗಳ ನಡುವೆ 10 ಮಿ.ಮೀ. ಅಂತರ ಬಿಟ್ಟರೆ ಕೆಳಗೆ ಬಿಗಿಯಾಗಿ ಕೂರುವ ವೃತ್ತ 40ರಿಂದ ಸುಮಾರು 45ಕ್ಕೆ ಏರುತ್ತದೆ. 40ರ ಪೈಪು ಲಟಪಟ ಆಡುತ್ತಿದ್ದರೆ ಸೂತ್ರವನ್ನು ಬೈಯುವ ಮೊದಲು 160ರ ಎರಡು ಪೈಪು ಸರಿದಿವೆಯೇ ನೋಡಿ.

ಆ 40ರ ಪೈಪಿನ ಪಕ್ಕದಲ್ಲಿ ಇನ್ನೂ ಸಣ್ಣ ಸಂದಿ ಉಳಿದಿದೆ: ಒಂದು ಕಡೆ 160, ಇನ್ನೊಂದು ಕಡೆ 40. ಅದೇ ಸೂತ್ರ ಹಾಕಿದರೆ 17.8 ಮಿ.ಮೀ. ಬರುತ್ತದೆ. ಅದಕ್ಕೂ 160ಕ್ಕೂ ನಡುವಿನ ಸಂದಿಗೆ 10. ಅಂದರೆ 160ನ್ನು ಕ್ರಮವಾಗಿ 4, 9, 16ರಿಂದ ಭಾಗಿಸಿದಂತೆ. ಮುಂದಿನದು 25ರಿಂದ, 6.4 ಮಿ.ಮೀ. ಪ್ರತಿ ಹೆಜ್ಜೆಯಲ್ಲೂ 1/√rಗೆ ಅದೇ 1/√a ಮತ್ತೊಮ್ಮೆ ಕೂಡುತ್ತಿರುವುದರಿಂದ ವರ್ಗಸಂಖ್ಯೆಗಳು ಸಾಲಾಗಿ ಬರುತ್ತವೆ. ಈ ಸಾಲು ಎಲ್ಲೂ ಮುಗಿಯುವುದಿಲ್ಲ. ಅಂಗಡಿಯ ಪೈಪು ಮಾತ್ರ 20 ಮಿ.ಮೀ.ಗೆ ನಿಲ್ಲುತ್ತದೆ.

ಮತ್ತೊಂದು ಮಾತು. ಮೊದಲಿನ ಸಮೀಕರಣದಲ್ಲಿ ಕೂಡುವ ಬದಲು ಕಳೆದರೆ ಏನಾಗುತ್ತದೆ? √(90d) − √(40d) = 60 ಎಂದರೆ √(10d) = 60, d = 360 ಮಿ.ಮೀ. ಇದೂ ಸುಳ್ಳು ಉತ್ತರವಲ್ಲ. 40ರ ಪೈಪಿನ ಆಚೆ ಬದಿಗೆ 360ರ ದೊಡ್ಡ ಕೊಳವೆ ತಂದಿಟ್ಟರೆ ಅದು 40ನ್ನೂ ತಾಗುತ್ತದೆ, ಮೇಲಿನಿಂದ 90ನ್ನೂ ತಾಗುತ್ತದೆ, ನೆಲವನ್ನೂ ತಾಗುತ್ತದೆ. ಆಗ ಸಂದಿಯಲ್ಲಿ ಸಿಕ್ಕಿಕೊಂಡ ಪುಟ್ಟ ವೃತ್ತ ನಮ್ಮ 40ರ ಪೈಪೇ. 

ಇನ್ನು ನಿಮ್ಮ ಪಾಳಿ. 160ರ ಪೈಪಿನ ಪಕ್ಕಕ್ಕೆ 90ರದನ್ನು ತಾಗಿಸಿಡಿ. ಮೊದಲು ಸ್ಪರ್ಶ ಬಿಂದುಗಳ ದೂರ ಕಂಡುಹಿಡಿಯಿರಿ, ಅದು 120 ಬರಬೇಕು. ಆಮೇಲೆ ಸಂದಿಯ ವೃತ್ತದ ವ್ಯಾಸ ತೆಗೆದು, 25 ಮತ್ತು 32 ಮಿ.ಮೀ. ಪೈಪುಗಳಲ್ಲಿ ಯಾವುದು ಒಳಗೆ ಹೋಗುತ್ತದೆ ಎಂದು ಹಾಳೆಯ ಮೇಲೆ ಬರೆದಿಟ್ಟುಕೊಂಡೇ ಪೈಪನ್ನು ಕೈಗೆತ್ತಿಕೊಳ್ಳಿ.