ಬರೆದ ಲೇಖನ ವಿಡಿಯೊ ಆಗುವಾಗ

ಒಳ್ಳೆಯ ಲೇಖನ ಬರೆದು ನಾಲ್ಕು ಜನರಿಂದ ಮೆಚ್ಚುಗೆ ಪಡೆದವರು ಈಗ ಅದನ್ನೇ ಮೊಬೈಲಿಗೆ ಹೊಂದುವ ಪುಟ್ಟ ವಿಡಿಯೊಗಳಾಗಿ ಮಾಡಲು ಹೊರಡುತ್ತಾರೆ. ಆಸೆ ಸರಿಯಾದದ್ದೇ. ಆದರೆ ಬಹುಪಾಲು ಜನ ಮಾಡುವುದು ಒಂದೇ ಕೆಲಸ: ಲೇಖನವನ್ನು ಐದು ತುಂಡು ಮಾಡಿ, ತುಂಡಿಗೊಂದರಂತೆ ಕ್ಯಾಮೆರಾ ಮುಂದೆ ಓದುತ್ತಾರೆ. ಅದು ವಿಡಿಯೊ ಅಲ್ಲ, ಸುದ್ದಿ ವಾಚನ.

ಉದಾಹರಣೆಗೆ ಒಂದು ಲೇಖನ ಬೇಕಲ್ಲ, ಬಸರಾಳನ್ನು ತೆಗೆದುಕೊಳ್ಳೋಣ. ಮಂಡ್ಯದಿಂದ ನಾಗಮಂಗಲದ ದಾರಿಯಲ್ಲಿ ಸುಮಾರು 25 ಕಿ.ಮೀ. ದೂರದ ಈ ಊರಿನ ಮಲ್ಲಿಕಾರ್ಜುನ ದೇವಾಲಯದ ಮೇಲೆ ನೀವು ಹತ್ತು ಪ್ಯಾರಾದ ಲೇಖನ ಬರೆದಿದ್ದೀರಿ ಎಂದುಕೊಳ್ಳಿ. ಹೊಯ್ಸಳರ ಪರಿಚಯಕ್ಕೆ ಎರಡು ಪ್ಯಾರಾ, ಕಟ್ಟಿಸಿದವನ ಬಗ್ಗೆ ಒಂದು, ವಾಸ್ತುವಿನ ಬಗ್ಗೆ ಎರಡು, ಶಿಲ್ಪಗಳ ಬಗ್ಗೆ ನಾಲ್ಕು, ಕೊನೆಗೆ ಹೋಗುವ ದಾರಿ. ಲೇಖನ ಪುರವಣಿಯಲ್ಲಿ ಬಂತು, ಜನ ಹಂಚಿಕೊಂಡರು.

ಮೊದಲ ಕೆಲಸ, ಪೆನ್ಸಿಲ್ ಹಿಡಿದು ಲೇಖನ ಓದುತ್ತಾ ಬೆರಳಿಟ್ಟು ತೋರಿಸಬಹುದಾದ ಸಂಗತಿಗಳಿಗೆ ಮಾತ್ರ ಗೆರೆ ಎಳೆಯುವುದು. ಬಸರಾಳಿನಲ್ಲಿ ಅಂಥವು ಯಾವುವು? ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವ. ಇಪ್ಪತ್ತೆರಡು ಕೈಗಳ ದುರ್ಗೆ. ಕೈಲಾಸವನ್ನೇ ಎತ್ತಲು ಹೊರಟ ರಾವಣ. ಮತ್ಸ್ಯಯಂತ್ರ ಭೇದಿಸಿದ ಅರ್ಜುನನ ಕಡೆಗೆ ಹಾರ ಹಿಡಿದು ಧಾವಿಸುವ ದ್ರೌಪದಿ. ಗರ್ಭಗುಡಿ ಮೂರಿದ್ದರೂ ಶಿಖರ ನಡುವಿನ ಒಂದಕ್ಕೇ ಇರುವುದು. ಇಲ್ಲಿಗೆ ಐದಾಯಿತು. ಒಂದೊಂದೂ ಒಂದು ವಿಡಿಯೊ. ಹೊಯ್ಸಳರ ಪರಿಚಯದ ಎರಡು ಪ್ಯಾರಾಕ್ಕೆ ಗೆರೆ ಬೀಳಲಿಲ್ಲ, ಅವು ಬಿದ್ದುಹೋಗಲಿ. ಬರೆಯುವಾಗ ಎಷ್ಟು ಕಷ್ಟಪಟ್ಟಿದ್ದರೂ ಸರಿ. ಕಟ್ಟಿಸಿದವನದು ತೋರಿಸುವ ಸಂಗತಿಯಲ್ಲ, ಆದರೂ ಗಟ್ಟಿ ವಿಷಯ. ಅವನನ್ನು ಶಿಖರದ ವಿಡಿಯೊಗೆ ಸೇರಿಸಿ.

ಲೇಖನದಲ್ಲಿದ್ದ ಕ್ರಮ ಇಲ್ಲಿ ಬೇಡ. ಲೇಖನ ಬಂದ ದಿನ ಫೋನ್ ಮಾಡಿದವರು ಯಾವುದರ ಬಗ್ಗೆ ಕೇಳಿದರು? ಅದು ಮೊದಲ ವಿಡಿಯೊ. ಬಸರಾಳಿನ ಮಟ್ಟಿಗೆ ಅದು ದ್ರೌಪದಿಯೇ ಆಗಿರುತ್ತಾಳೆ ಎಂದು ನನ್ನ ಅಂದಾಜು. ‘ಭಾಗ 1, ಭಾಗ 2’ ಎಂದು ಸಂಖ್ಯೆಯನ್ನಂತೂ ಹಾಕಬೇಡಿ. ಭಾಗ 3 ಎದುರಿಗೆ ಬಂದವನು ಭಾಗ 1 ಹುಡುಕಿಕೊಂಡು ಹೋಗುವುದಿಲ್ಲ, ಮುಂದಕ್ಕೆ ಸರಿಸುತ್ತಾನೆ. ಪ್ರತಿಯೊಂದು ವಿಡಿಯೊ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹಾಗೆ ನಿಲ್ಲಬೇಕಾದರೆ ‘ಇದಲ್ಲದೆ’, ‘ಮೇಲೆ ಹೇಳಿದಂತೆ’, ‘ಆತನು’, ‘ಅದೇ ರೀತಿ’ ಎಂಬ ಮಾತುಗಳೆಲ್ಲ ಹೋಗಬೇಕು. ಅವು ಹಿಂದಿನ ಪ್ಯಾರಾಕ್ಕೆ ಜೋತುಬಿದ್ದಿರುತ್ತವೆ, ಇಲ್ಲಿ ಹಿಂದಿನ ಪ್ಯಾರಾ ಇಲ್ಲ.

ಇನ್ನು ಬಹಳ ಜನ ಎಡವುವ ಜಾಗ. ಲೇಖನದ ಈ ವಾಕ್ಯ ನೋಡಿ:

‘ಹೊಯ್ಸಳ ದೊರೆ ಎರಡನೆಯ ನರಸಿಂಹನ ಆಳ್ವಿಕೆಯಲ್ಲಿ ಆತನ ದಂಡನಾಯಕನಾಗಿದ್ದ ಹರಿಹರನಿಂದ ಕ್ರಿ.ಶ. 1234ರಲ್ಲಿ ನಿರ್ಮಿಸಲ್ಪಟ್ಟ ಈ ತ್ರಿಕೂಟ ದೇವಾಲಯವು ವಿಶಿಷ್ಟ ಶಿಲ್ಪಗಳಿಂದ ಕೂಡಿದೆ.’

ಅಚ್ಚಿನಲ್ಲಿ ಇದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಕಣ್ಣು ಬೇಕಾದರೆ ಹಿಂದಕ್ಕೆ ಹೋಗಿ ಬರುತ್ತದೆ. ಕಿವಿಗೆ ಆ ಸೌಲಭ್ಯವಿಲ್ಲ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ, ಅಲ್ಲಿಯವರೆಗೆ ಕೇಳುವವನು ಒಬ್ಬ ದೊರೆ, ಒಂದು ವಂಶ, ಒಬ್ಬ ದಂಡನಾಯಕ, ಒಂದು ಇಸವಿ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡೇ ಇರಬೇಕು. ಇಷ್ಟು ಹೊತ್ತ ಮೇಲೆ ಸಿಗುವುದೇನು? ‘ಶಿಲ್ಪಗಳಿಂದ ಕೂಡಿದೆ’. ಅಷ್ಟರಲ್ಲಿ ಅವನ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ತಳ್ಳಿ ಆಗಿರುತ್ತದೆ.

ಇದನ್ನು ಬಿಡಿಸುವುದು ಹೀಗೆ. ವಾಕ್ಯದಲ್ಲಿ ಎಷ್ಟು ಸಂಗತಿಗಳಿವೆ ಎಂದು ಮೊದಲು ಎಣಿಸಿ. ಇಲ್ಲಿ ಕಟ್ಟಿಸಿದವನು, ಅವನ ದೊರೆ, ಕಾಲ, ಮೂರು ಗರ್ಭಗುಡಿ, ಶಿಲ್ಪಗಳ ಹೊಗಳಿಕೆ ಸೇರಿ ಐದಿವೆ. ಕೊನೆಯದು ಏನನ್ನೂ ಹೇಳುವುದಿಲ್ಲ, ಹೊಡೆದುಹಾಕಿ. ಉಳಿದ ನಾಲ್ಕರಲ್ಲಿ ಕೇಳುವವನ ಊಹೆಗೆ ವಿರುದ್ಧವಾದದ್ದು ಯಾವುದು? ಗುಡಿ ಎಂದರೆ ರಾಜ ಕಟ್ಟಿಸಿದ್ದು ಎಂದೇ ಜನ ಅಂದುಕೊಂಡಿರುತ್ತಾರೆ, ಅಲ್ಲಿಂದ ಶುರುಮಾಡಿ. ‘ಹರಿಹರನಿಂದ ನಿರ್ಮಿಸಲ್ಪಟ್ಟ’ ಎಂಬುದನ್ನು ‘ಹರಿಹರ ಕಟ್ಸಿದ್ದು’ ಎಂದು ತಿರುಗಿಸಿ. ಆಗ ಹೀಗಾಗುತ್ತದೆ:

‘ಈ ಗುಡಿ ಕಟ್ಸಿದ್ದು ರಾಜ ಅಲ್ಲ, ರಾಜನ ದಂಡನಾಯಕ. ಹೆಸರು ಹರಿಹರ. ಆಗ ಆಳ್ತಿದ್ದೋನು ಹೊಯ್ಸಳರ ಎರಡನೇ ನರಸಿಂಹ. ಇಸವಿ 1234. ಒಳಗೆ ಮೂರು ಗರ್ಭಗುಡಿ ಇದೆ, ಮೇಲೆ ನೋಡಿದ್ರೆ ಶಿಖರ ಒಂದೇ.’

ಉಳಿಸಿಕೊಂಡ ನಾಲ್ಕು ಸಂಗತಿಗಳಲ್ಲಿ ಒಂದೂ ಕಳೆದಿಲ್ಲ. ಆದರೆ ಪ್ರತಿ ವಾಕ್ಯ ಮುಗಿದಾಗ ಕೇಳುವವನ ಕೈಗೆ ಏನೋ ಸಿಕ್ಕಿರುತ್ತದೆ. ಇಲ್ಲೂ ಅತಿ ಮಾಡುವವರಿದ್ದಾರೆ. ‘ಹರಿಹರ. ದಂಡನಾಯಕ. 1234.’ ಎಂದು ತಂತಿ ಸಂದೇಶದ ಹಾಗೆ ಕತ್ತರಿಸಿದರೆ ಕೇಳಲು ಒರಟಾಗುತ್ತದೆ. ಎರಡು ಚಿಕ್ಕ ವಾಕ್ಯ ಆದ ಮೇಲೆ ಒಂದು ಸ್ವಲ್ಪ ಉದ್ದದ್ದು ಬರಲಿ. ಇನ್ನೂ ಒಂದು ಮಾತು: ಆಡುಮಾತು ಎಂದಾಕ್ಷಣ ಮಂಡ್ಯದವರಲ್ಲದವರು ಕೂಡ ‘ಕಣ್ಲಾ, ಏನ್ಲಾ’ ಎಂದು ವೇಷ ಹಾಕುತ್ತಾರೆ. ನಿಮ್ಮ ಮನೆಯಲ್ಲಿ ಹೇಗೆ ಮಾತಾಡುತ್ತೀರೋ ಹಾಗೆ ಬರೆಯಿರಿ. ನಮ್ಮ ಜಿಲ್ಲೆಯ ಮಾತನ್ನು ಸಿನಿಮಾದವರು ನಗೆಪಾಟಲು ಮಾಡಿರುವುದೇ ಸಾಕು.

ಬರೆದದ್ದು ಸರಿಯಾಗಿದೆಯೇ ಎಂದು ತಿಳಿಯಲು ಸುಲಭದ ದಾರಿಯಿದೆ. ಸ್ಕ್ರಿಪ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಮಾಡಿ ಲೇಖನ ಓದದ ಒಬ್ಬರಿಗೆ ಕಳುಹಿಸಿ. ಚಿತ್ರ ಬೇಡ. ಸಂಜೆ ಫೋನ್ ಮಾಡಿ ‘ಯಾರು ಕಟ್ಸಿದ್ದು?’ ಎಂದು ಕೇಳಿ. ‘ಯಾರೋ ರಾಜ’ ಎಂದು ಉತ್ತರ ಬಂದರೆ ವಾಕ್ಯ ಕೆಲಸ ಮಾಡಿಲ್ಲ. ಅವರನ್ನು ದೂರಬೇಡಿ, ಮತ್ತೆ ಬರೆಯಿರಿ.

ಈಗ ದ್ರೌಪದಿಯ ಸ್ಕ್ರಿಪ್ಟನ್ನು ಪೂರ್ತಿ ಬರೆಯೋಣ. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಚಿತ್ರ, ಬಲಕ್ಕೆ ಮಾತು ಬರೆದುಕೊಳ್ಳುವುದು ರೂಢಿ. ಇಲ್ಲಿ ಜಾಗವಿಲ್ಲದ್ದರಿಂದ ಒಂದರ ಕೆಳಗೊಂದು ಕೊಡುತ್ತಿದ್ದೇನೆ.

ಚಿತ್ರ: ದ್ರೌಪದಿಯ ಕೈ ಮತ್ತು ಹಾರ ಮಾತ್ರ, ತೀರಾ ಹತ್ತಿರದಿಂದ.
ಮಾತು: ಮದುವೆ ಹೆಣ್ಣು ಎಲ್ಲಾದ್ರೂ ಓಡಿಕೊಂಡು ಬರ್ತಾಳಾ? ಇವಳು ಬರ್ತಿದಾಳೆ ನೋಡಿ.

ಚಿತ್ರ: ಹಾರದಿಂದ ಮುಖಕ್ಕೆ, ಮುಖದಿಂದ ಇಡೀ ಮೈಗೆ ನಿಧಾನ.
ಮಾತು: ಇವಳು ದ್ರೌಪದಿ. ಕೈಯಲ್ಲಿರೋದು ಮದುವೆ ಹಾರ. ಯಾರ ಕೊರಳಿಗೆ ಹಾಕ್ಬೇಕು ಅನ್ನೋದು ಈಗಷ್ಟೇ ತೀರ್ಮಾನ ಆಗಿದೆ.

ಚಿತ್ರ: ಅರ್ಜುನ, ಬಿಲ್ಲು.
ಮಾತು: ಅರ್ಜುನ ಇಲ್ಲಿದಾನೆ. ಮೇಲಿರೋ ಮೀನಿಗೆ ಬಾಣ ಹೊಡೀಬೇಕು, ಹೊಡೆದೋನಿಗೆ ಹೆಣ್ಣು. ಅದು ಪಂದ್ಯ. ಬಾಣ ಬಿಟ್ಟಾಯ್ತು, ಗುರಿ ಮುಟ್ಟಾಯ್ತು.

ಚಿತ್ರ: ಇಬ್ಬರೂ ಒಟ್ಟಿಗೆ ಕಾಣುವಂತೆ. ಆಮೇಲೆ ಗೋಡೆ ಪೂರ್ತಿ.
ಮಾತು: ಹಾರ ಹಾಕಿದ ಮೇಲಿನ ಚಿತ್ರ ಕೆತ್ತಬಹುದಿತ್ತು. ಶಿಲ್ಪಿ ಕೆತ್ತಿದ್ದು ಅವಳು ಇನ್ನೂ ದಾರೀಲಿರೋ ಗಳಿಗೆ. ಬಸರಾಳು, ಮಂಡ್ಯ ತಾಲ್ಲೂಕು. ಮಲ್ಲಿಕಾರ್ಜುನನ ಗುಡಿ ಗೋಡೇಲಿ ಇವತ್ತಿಗೂ ಓಡ್ತಾನೇ ಇದಾಳೆ.

ಊರಿನ ಹೆಸರು ಕೊನೆಗೆ ಬಂದದ್ದನ್ನು ಗಮನಿಸಿ. ಲೇಖನದಲ್ಲಿ ಅದು ಮೊದಲ ಸಾಲಿನಲ್ಲಿತ್ತು. ಹೊಯ್ಸಳ, 1234, ತ್ರಿಕೂಟ ಯಾವುದೂ ಇಲ್ಲಿ ಬರಲಿಲ್ಲ, ಬರಬೇಕಾಗಿಯೂ ಇಲ್ಲ. ಅವು ಶಿಖರದ ವಿಡಿಯೊದಲ್ಲಿವೆ.

ಉದ್ದದ ಲೆಕ್ಕ. ನಿಮಿಷಕ್ಕೆ 150 ಪದ ಎಂದು ಅಂತರ್ಜಾಲದಲ್ಲಿ ಸಿಗುವ ಸೂತ್ರ ಇಂಗ್ಲಿಷಿನದು. ನಮ್ಮ ಪದಗಳು ಪ್ರತ್ಯಯ ಸೇರಿಸಿಕೊಂಡು ಬೆಳೆಯುತ್ತವೆ, ಹೊಡೆಯಬೇಕಾಗಿತ್ತಂತೆ ಎಂಬುದು ನಮಗೆ ಒಂದೇ ಪದ. ಚಿತ್ರ ನೋಡಲು ಬಿಡುವು ಕೊಟ್ಟು ಮಾತಾಡಿದರೆ ನಿಮಿಷಕ್ಕೆ 90ರಿಂದ 100 ಪದ ಹಿಡಿಸುತ್ತದೆ ಎಂಬುದು ನನ್ನ ಅನುಭವ. ಮೇಲಿನ ಸ್ಕ್ರಿಪ್ಟು ಅರ್ಧ ನಿಮಿಷಕ್ಕಿಂತ ತುಸು ಹೆಚ್ಚಿನದು. ಪದ ಎಣಿಸುವುದಕ್ಕಿಂತ ಗಟ್ಟಿಯಾಗಿ ಓದಿ ಗಡಿಯಾರ ನೋಡುವುದು ಒಳ್ಳೆಯದು. 2024ರ ಅಕ್ಟೋಬರಿನಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ಮೂರು ನಿಮಿಷದವರೆಗೂ ಅವಕಾಶವಿದೆ. ಅವಕಾಶವಿದೆ ಎಂದು ಒಂದೇ ಶಿಲ್ಪಕ್ಕೆ ಮೂರು ನಿಮಿಷ ಎಳೆಯಬೇಡಿ.

ಚಿಕ್ಕದು ಮಾಡುವಾಗ ಒಂದು ಅಪಾಯವಿದೆ. ಲೇಖನದಲ್ಲಿ ‘ಜಕಣಾಚಾರಿ ಕೆತ್ತಿದನೆಂದು ಜನ ಹೇಳುತ್ತಾರೆ’ ಎಂದಿರುತ್ತದೆ. ಪದ ಉಳಿಸುವ ಆತುರದಲ್ಲಿ ‘ಜನ ಹೇಳುತ್ತಾರೆ’ ಹಾರಿಹೋಗಿ ‘ಜಕಣಾಚಾರಿ ಕೆತ್ತಿದ್ದು’ ಎಂದಾಗುತ್ತದೆ. ಐತಿಹ್ಯ ಒಂದೇ ಕತ್ತರಿಗೆ ಇತಿಹಾಸವಾಯಿತು! ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನಲ್ಲೇ ಕೆತ್ತಿಟ್ಟಿದ್ದಾನೆ, ಅಂಥದ್ದನ್ನು ಧೈರ್ಯವಾಗಿ ಹೇಳಬಹುದು. ಉಳಿದ ಕಡೆ ‘ಅಂತಾರೆ’ ಎಂಬ ಒಂದು ಪದ ಸೇರಿಸಲು ಅರ್ಧ ಸೆಕೆಂಡೂ ಬೇಡ.

ಚಿತ್ರೀಕರಣದ ಬಗ್ಗೆ ಎರಡೇ ಮಾತು. ಬಸರಾಳಿನದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿ. ಟ್ರೈಪಾಡ್, ಡ್ರೋನ್ ಬೇಕಿದ್ದರೆ ಮೊದಲೇ ಅನುಮತಿ ಕೇಳಿ, ಗರ್ಭಗುಡಿಯ ಬಳಿ ಮೊಬೈಲ್ ಎತ್ತುವ ಮುನ್ನ ಅಲ್ಲಿರುವವರನ್ನು ವಿಚಾರಿಸಿ. ನಡುಮಧ್ಯಾಹ್ನ ಬಳಪದ ಕಲ್ಲಿನ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ, ಗೋಡೆಗೆ ಓರೆ ಬಿಸಿಲು ಬೀಳುವ ಹೊತ್ತಿಗೆ ಹೋಗಿ. ಮೊಬೈಲನ್ನು ನೆಟ್ಟಗೆ ಹಿಡಿದೇ ತೆಗೆಯಿರಿ. ಪರದೆಯ ಕೆಳಭಾಗ ಮತ್ತು ಬಲ ಅಂಚನ್ನು ಆ್ಯಪ್‌ನ ಗುಂಡಿಗಳು, ಶೀರ್ಷಿಕೆ ಮುಚ್ಚಿಬಿಡುತ್ತವೆ. ಅಕ್ಷರ ಹಾಕುವುದಿದ್ದರೆ ನಡುವಿಗಿಂತ ತುಸು ಮೇಲೆ ಹಾಕಿ, ಹೋಗುವ ದಾರಿ ಮತ್ತು ಮೂಲ ಲೇಖನದ ಕೊಂಡಿಯನ್ನು ವಿವರಣೆಯಲ್ಲಿ ಕೊಡಿ.