ಸಿಪಿ2000 ನೋಟಿಸ್‌ಗೆ ಉತ್ತರ: ಆರ್‌ಎಸ್‌ಯು ಷೇರಿಗೆ ಎರಡು ಸಲ ತೆರಿಗೆ ಕಟ್ಟಬೇಡಿ

ಅಮೆರಿಕದಲ್ಲಿ ಕೆಲಸ ಮಾಡುವ ನಮ್ಮವರಿಗೆ ಐಆರ್‌ಎಸ್‌ನಿಂದ ಬರುವ ಪತ್ರಗಳಲ್ಲಿ ಹೆಚ್ಚು ಗಾಬರಿ ಹುಟ್ಟಿಸುವುದು ಸಿಪಿ2000. ಮೊದಲ ಪುಟದಲ್ಲೇ ಸಾವಿರಾರು ಡಾಲರ್ ಬಾಕಿ ಎಂದು ಕಾಣುತ್ತದೆ. ಆದರೆ ಇದು ಬಿಲ್ಲೂ ಅಲ್ಲ, ಆಡಿಟ್ಟೂ ಅಲ್ಲ. ಬೇರೆಯವರು ಕೊಟ್ಟ ಲೆಕ್ಕಕ್ಕೂ ನಿಮ್ಮ ರಿಟರ್ನ್‌ಗೂ ತಾಳೆಯಾಗಿಲ್ಲ, ಆದ್ದರಿಂದ ಇಷ್ಟು ತೆರಿಗೆ ಸೇರಿಸುತ್ತೇವೆ ಎಂಬ ಪ್ರಸ್ತಾವ ಅಷ್ಟೆ. ಪ್ರಸ್ತಾವಕ್ಕೆ ಉತ್ತರ ಕೊಡಬಹುದು.

ಈ ವ್ಯತ್ಯಾಸಕ್ಕೆ ಒಂದು ಸಾಮಾನ್ಯ ಕಾರಣ ಕಂಪನಿ ಕೊಟ್ಟ ಆರ್‌ಎಸ್‌ಯು. ಷೇರು ವೆಸ್ಟ್ ಆದ ದಿನದ ಬೆಲೆ ಸಂಬಳದ ಜೊತೆ ಡಬ್ಲ್ಯೂ-2ರಲ್ಲಿ ಸೇರುತ್ತದೆ, ಅದಕ್ಕೆ ತೆರಿಗೆಯೂ ಬೀಳುತ್ತದೆ. ಹಾಗಾಗಿ ಆ ಬೆಲೆಯೇ ನಿಮ್ಮ ಕೊಂಡ ಬೆಲೆ, ಅಂದರೆ ಕಾಸ್ಟ್ ಬೇಸಿಸ್. ಆದರೆ ನೀವು ಕೈಯಿಂದ ಹಣ ಕೊಟ್ಟು ಕೊಂಡಿಲ್ಲವಾದ್ದರಿಂದ ಬ್ರೋಕರ್ ಕಳಿಸುವ 1099-ಬಿಯಲ್ಲಿ ಆ ಜಾಗ ಅನೇಕ ಸಲ ಖಾಲಿ ಅಥವಾ ಸೊನ್ನೆ ಇರುತ್ತದೆ. ಸಂಬಳದಲ್ಲೇ ತೆರಿಗೆ ಹೋಯಿತಲ್ಲ ಎಂದು ಮಾರಾಟವನ್ನು ರಿಟರ್ನ್‌ನಲ್ಲಿ ತೋರಿಸದೆ ಬಿಟ್ಟರೆ, ಐಆರ್‌ಎಸ್ ಕಂಪ್ಯೂಟರ್ ಮಾರಿದ ಪೂರ್ತಿ ಹಣವನ್ನೇ ಲಾಭ ಎಂದು ಹಿಡಿಯುತ್ತದೆ.

ಒಂದು ಉದಾಹರಣೆ ನೋಡೋಣ. 2023ರ ಮಾರ್ಚ್ 15ರಂದು ಒಬ್ಬ ಇಂಜಿನಿಯರ್‌ಗೆ 100 ಷೇರು ವೆಸ್ಟ್ ಆದವು, ಆ ದಿನದ ಬೆಲೆ 150 ಡಾಲರ್. ಡಬ್ಲ್ಯೂ-2ಗೆ 15,000 ಸೇರಿತು. ತೆರಿಗೆಗೆಂದು ಬ್ರೋಕರ್ ಮರುದಿನ 35 ಷೇರನ್ನು 151ರಂತೆ ಮಾರಿದರು. ಉಳಿದ 65ನ್ನು ಆತ ಸೆಪ್ಟೆಂಬರ್‌ನಲ್ಲಿ 160ರಂತೆ ಮಾರಿದ. ನೋಟಿಸ್ ಹೇಳುವುದು: ವರದಿಯಾಗದ ಆದಾಯ 15,685 ಡಾಲರ್.

ಉತ್ತರದ ಜೀವ ಇರುವುದು ಜೊತೆಗಿಡುವ ಪಟ್ಟಿಯಲ್ಲಿ:

| ಮಾರಿದ್ದು | ಷೇರು | ಬಂದ ಹಣ | ನಿಜವಾದ ಬೇಸಿಸ್ | ಲಾಭ |
|---|---|---|---|---|
| ಮಾರ್ಚ್ 16 | 35 | 5,285 | 5,250 | 35 |
| ಸೆಪ್ಟೆಂಬರ್ | 65 | 10,400 | 9,750 | 650 |
| ಒಟ್ಟು | 100 | 15,685 | 15,000 | 685 |

ಇಲ್ಲಿ ಗಮನಿಸಬೇಕಾದ್ದು "ಬಂದ ಹಣ"ದ ಮೊತ್ತ. ಅದು ನೋಟಿಸ್‌ನಲ್ಲಿರುವ 15,685ಕ್ಕೆ ಸರಿಯಾಗಿ ಕೂಡಬೇಕು. ಓದುವ ಅಧಿಕಾರಿ ತನ್ನ ಕೈಯಲ್ಲಿರುವ ಅಂಕಿಯಿಂದ ಶುರುಮಾಡಿ ನಿಮ್ಮ ಅಂಕಿಗೆ ಬರಬೇಕು. ಕೂಡದಿದ್ದರೆ ಇನ್ನೊಂದು ಮಾರಾಟವೋ ಇನ್ನೊಬ್ಬ ಬ್ರೋಕರೋ ಬಿಟ್ಟುಹೋಗಿದೆ ಎಂದರ್ಥ. ಮೊದಲು ಅದನ್ನು ಹುಡುಕಿ.

ಇದೇ ಅಂಕಿಗಳನ್ನು ಫಾರ್ಮ್ 8949 ಮತ್ತು ಶೆಡ್ಯೂಲ್ ಡಿಯಲ್ಲಿ ತುಂಬಿ. ವೆಸ್ಟ್ ಆಗಿ ಒಂದು ವರ್ಷ ಮೀರಿಲ್ಲದ್ದರಿಂದ ಇದು ಅಲ್ಪಾವಧಿಯ ಭಾಗಕ್ಕೆ ಹೋಗುತ್ತದೆ. ಬ್ರೋಕರ್ ಬೇಸಿಸ್ ಅನ್ನು ಐಆರ್‌ಎಸ್‌ಗೆ ತಿಳಿಸಿಲ್ಲದಿದ್ದರೆ ಸರಿಯಾದ ಬೇಸಿಸ್ ಅನ್ನೇ ನೇರವಾಗಿ ಬರೆಯಿರಿ. ತಪ್ಪು ಬೇಸಿಸ್ ತಿಳಿಸಿದ್ದರೆ ಅವರ ಅಂಕಿಯನ್ನೇ ಬರೆದು, ಕೋಡ್ ಬಿ ಹಾಕಿ, ಪಕ್ಕದ ಕಾಲಂನಲ್ಲಿ ವ್ಯತ್ಯಾಸವನ್ನು ಸರಿಪಡಿಸಬೇಕು.

ಪುರಾವೆಗೆ ಮೂರು ಪ್ರತಿಗಳು ಸಾಕು: ಬ್ರೋಕರ್‌ನ ವೆಸ್ಟ್ ದೃಢೀಕರಣ, ಅದೇ ಮೊತ್ತ ಕಾಣುವ ಪೇ ಸ್ಟಬ್, ಮತ್ತು ಡಬ್ಲ್ಯೂ-2. ವೆಸ್ಟ್ ಆದ ಹಣ ಡಬ್ಲ್ಯೂ-2ರಲ್ಲಿ ಸೇರಿದೆ ಎಂದು ತೋರಿಸಲಾಗದಿದ್ದರೆ ಈ ವಾದ ನಿಲ್ಲುವುದಿಲ್ಲ. ಹಿಂದಿನ ವರ್ಷ ವೆಸ್ಟ್ ಆದ ಷೇರಾದರೆ ಆ ವರ್ಷದ ಡಬ್ಲ್ಯೂ-2 ಬೇಕು.

ಉತ್ತರದ ಫಾರ್ಮ್‌ನಲ್ಲಿ ಬದಲಾವಣೆಗಳನ್ನು ಒಪ್ಪುವುದಿಲ್ಲ ಎಂಬ ಆಯ್ಕೆಗೆ ಗುರುತು ಹಾಕಿ. ಭಾಗಶಃ ಒಪ್ಪುವವರಿಗೂ ಅದೇ. ಇಂಗ್ಲಿಷ್‌ನಲ್ಲಿ ಬರೆಯುವ ಪತ್ರದ ಸಾರ ಇಷ್ಟಿರಲಿ:

"ಮಾರಾಟದಿಂದ ಬಂದ 15,685 ಡಾಲರ್ ಸರಿಯಾಗಿದೆ. ಅದರಲ್ಲಿ 15,000 ನನ್ನ 2023ರ ಡಬ್ಲ್ಯೂ-2 ವೇತನದಲ್ಲಿ ಸೇರಿದ್ದು, ಈ ಷೇರುಗಳ ಬೇಸಿಸ್ ಆಗುತ್ತದೆ. ತೆರಿಗೆಗೆ ಒಳಪಡುವ ಲಾಭ 685 ಮಾತ್ರ. ಲೆಕ್ಕವನ್ನು ಪರಿಷ್ಕರಿಸಬೇಕೆಂದು ಕೋರುತ್ತೇನೆ."

ಸಹಿ, ದಿನಾಂಕ ಹಾಕಿ. ಜಂಟಿ ರಿಟರ್ನ್ ಆದರೆ ಇಬ್ಬರ ಸಹಿಯೂ ಇರಲಿ. 685ನ್ನು ನಾವೇ ಒಪ್ಪಿಕೊಳ್ಳುವುದು ಮುಖ್ಯ, ಏಕೆಂದರೆ ಅದು ನಿಜವಾಗಿಯೂ ತೋರಿಸದ ಆದಾಯ. ಶೇಕಡಾ 24ರ ಹಂತದಲ್ಲಿರುವವರಿಗೆ ಫೆಡರಲ್ ತೆರಿಗೆ 3,764 ಡಾಲರ್‌ನಿಂದ ಸುಮಾರು 164ಕ್ಕೆ ಇಳಿಯುತ್ತದೆ, ಜೊತೆಗೆ ಅದರ ಬಡ್ಡಿ. ಆ ಲಾಭಕ್ಕೆ ರಾಜ್ಯದ ರಿಟರ್ನ್ ತಿದ್ದಬೇಕೇ ಎಂಬುದನ್ನೂ ನೋಡಿಕೊಳ್ಳಿ.

ಉತ್ತರಕ್ಕೆ ಸಾಮಾನ್ಯವಾಗಿ 30 ದಿನ ಸಮಯವಿರುತ್ತದೆ. ಕೊನೆಯ ದಿನಾಂಕ ನೋಟಿಸ್‌ನಲ್ಲೇ ಇದೆ. ದಾಖಲೆ ಸಿಗುವುದು ತಡವಾದರೆ ಆ ದಿನಕ್ಕೆ ಮುಂಚೆ ಅದರಲ್ಲಿರುವ ನಂಬರಿಗೆ ಕರೆ ಮಾಡಿ ಹೆಚ್ಚಿನ ಸಮಯ ಕೇಳಿ. ಸುಮ್ಮನಿದ್ದರೆ ಮುಂದೆ ಬರುವುದು ಶಾಸನಬದ್ಧ ಕೊರತೆಯ ನೋಟಿಸ್. ಅದು ಬಂದರೆ ಟ್ಯಾಕ್ಸ್ ಕೋರ್ಟ್‌ಗೆ ಹೋಗಲು 90 ದಿನ ಮಾತ್ರ, ವಿದೇಶದಲ್ಲಿರುವವರಿಗೆ ಬಂದ ನೋಟಿಸ್ ಆದರೆ 150. ಆ ಗಡುವು ಐಆರ್‌ಎಸ್ ಕೂಡ ವಿಸ್ತರಿಸಲಾಗದ್ದು.

ಮೂಲ ದಾಖಲೆ ಕಳಿಸಬೇಡಿ, ಪ್ರತಿ ಕಳಿಸಿ. ಫ್ಯಾಕ್ಸ್ ಮಾಡಿದರೆ ತಲುಪಿದ ರಸೀದಿಯನ್ನು, ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್‌ನ ನಂಬರನ್ನು ನೋಟಿಸ್ ಜೊತೆಯಲ್ಲೇ ಎತ್ತಿಡಿ.