ಬಿಪಿ ಇದ್ದೂ ಭಾರ ಎತ್ತುವವರಿಗೆ ಉಪ್ಪಿನ ಐದು ಸೂತ್ರಗಳು

1. ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು. ಅದರಲ್ಲಿ ಸೋಡಿಯಂ ಸುಮಾರು 2 ಗ್ರಾಂ. ನಾಲ್ವರು ದೊಡ್ಡವರಿರುವ ಮನೆಯಲ್ಲಿ ಒಂದು ಕಿಲೋ ಪೊಟ್ಟಣ 30 ದಿನಕ್ಕೆ ಖಾಲಿಯಾದರೆ ತಲೆಗೆ 8 ಗ್ರಾಂ ದಾಟಿತು. ಅದು 50 ದಿನ ಬರಬೇಕು. ಹೋಟೆಲಿನ ದೋಸೆ, ಅಂಗಡಿಯ ಉಪ್ಪಿನಕಾಯಿ, ಬ್ರೆಡ್ಡು ಈ ಲೆಕ್ಕಕ್ಕೆ ಸೇರಿಲ್ಲ. ಅವೂ ಇದ್ದರೆ ಪೊಟ್ಟಣ ಇನ್ನೂ ಹೆಚ್ಚು ದಿನ ಬರಬೇಕು.

2. ಉಪ್ಪು ಒಂದೇ ಕಡೆ ಇರಲಿ. ಸಾರಿಗೆ ಹಾಕಿದ ಮೇಲೆ ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮಜ್ಜಿಗೆಗೆ ಬೇಡ. ಉಪ್ಪಿಲ್ಲದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಿನ್ನುವವರಿಗೆ ಇದು ಹೊಸದಲ್ಲ. ಸಾರಿನ ಉಪ್ಪನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ, ನಿಂಬೆರಸ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಏರಿಸಿ. ನಾಲ್ಕಾರು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಹಪ್ಪಳ, ಬೋಂಡಾಗಳಲ್ಲಿ ಉಪ್ಪಿನ ಜೊತೆ ಸೋಡಾದಲ್ಲೂ ಸೋಡಿಯಂ ಇರುತ್ತದೆ ಎಂಬುದು ನೆನಪಿರಲಿ.

3. ಸ್ನಾಯುವಿಗೆ ಬೇಕಾದ ಪ್ರೋಟೀನ್ ಮನೆಯದಾಗಿರಲಿ. ಬೇಯಿಸಿದ ಮೊಟ್ಟೆಗೆ ಉಪ್ಪಿನ ಬದಲು ಮೆಣಸಿನಪುಡಿ ಸಾಕು. ಹೆಸರುಕಾಳು ಉಸಲಿ, ಮೊಸರು, ತಾಜಾ ಮೀನು ಒಳ್ಳೆಯವು. ಒಣಮೀನು, ಸಾಸೇಜ್ ಬೇಡ. ಪ್ರೋಟೀನ್ ಪುಡಿಯ ಡಬ್ಬಿಯಲ್ಲಿ ಬರೆದಿರುವ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ.

4. ಒಂದು ಗಂಟೆಯ ಜಿಮ್‌ಗೆ ನೀರೇ ಸಾಕು. ಬೆವರಿತು ಎಂದು ಒಆರ್‌ಎಸ್ ಕುಡಿಯುವವರನ್ನು ಕಂಡರೆ ನನಗೆ ಆತಂಕವಾಗುತ್ತದೆ. ವಾಂತಿಭೇದಿಗೆಂದು ಮಾಡಿದ ಆ ದ್ರಾವಣದ ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇದೆ. ದಿನದ ಪಾಲು ಹೆಚ್ಚುಕಡಿಮೆ ಅಲ್ಲೇ ಮುಗಿಯಿತು. ಸೈಂಧವ ಲವಣದಲ್ಲೂ ಸೋಡಿಯಂ ಮಾಮೂಲಿ ಉಪ್ಪಿನಷ್ಟೇ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿನಿಂದ ಬಿಪಿ ಇಳಿಯುತ್ತದೆ, ನಿಜ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆ ನುಂಗುವವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ವೈದ್ಯರನ್ನು ಕೇಳದೆ ಅದನ್ನು ಕೊಳ್ಳಬೇಡಿ.

5. ಬೆಳಿಗ್ಗೆ ಕಾಫಿ, ಮಾತ್ರೆ, ವ್ಯಾಯಾಮಕ್ಕೆ ಮೊದಲು ಐದು ನಿಮಿಷ ಸುಮ್ಮನೆ ಕೂತು ಬಿಪಿ ನೋಡಿ, ಒಂದು ನಿಮಿಷ ಬಿಟ್ಟು ಮತ್ತೆ ನೋಡಿ, ಬರೆದಿಡಿ. ಜಿಮ್‌ನಿಂದ ಬಂದ ಮೇಲೆ ಸಿಗುವ ಕಡಿಮೆ ಅಂಕಿಯನ್ನು ನಂಬಬೇಡಿ, ಅದು ಕೆಲವು ಗಂಟೆಗಳ ಇಳಿತ. 180/110 ಮುಟ್ಟಿದ ದಿನ ಭಾರ ಎತ್ತದೆ ವೈದ್ಯರಿಗೆ ತೋರಿಸಿ. ಉಳಿದ ದಿನಗಳಲ್ಲೂ ಉಸಿರು ಕಟ್ಟಿ ಎತ್ತಬೇಡಿ, ಎತ್ತುವಾಗ ಉಸಿರು ಬಿಡಿ. ಉಪ್ಪು ಇಳಿಸಿದ ಕೆಲವು ವಾರಗಳಲ್ಲಿ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ, ಎದ್ದು ನಿಂತಾಗ ತಲೆ ಸುತ್ತಬಹುದು. ಆಗ ಮಾತ್ರೆಯನ್ನು ನೀವೇ ನಿಲ್ಲಿಸದೆ, ಬರೆದಿಟ್ಟ ಅಂಕಿಗಳನ್ನು ವೈದ್ಯರ ಬಳಿ ಒಯ್ಯಿರಿ. ಮಾತ್ರೆಯ ಪ್ರಮಾಣ ತಗ್ಗಿಸಬೇಕೇ ಎಂದು ಅವರೇ ಹೇಳಬೇಕು.